ಬಿಳಿಚಿದ ಮಚ್ಚೆಗೆ ಫೋಟೊ ಸಾಕೇ?

ಪ್ರಶ್ನೆ: ಅಪ್ಪನ ಮುಂಗೈ ಮೇಲೆ ಬಿಳಿಚಿದ ಮಚ್ಚೆ ಎದ್ದಿದೆ. ಫೋಟೊ ಕಳಿಸಿದರೆ ಸಾಲದಾ, ಮದ್ದೂರಿನಿಂದ ಮಂಡ್ಯಕ್ಕೆ ಹೋಗಲೇಬೇಕಾ?

ಹೌದು, ದಯವಿಟ್ಟು ಕರೆದುಕೊಂಡು ಹೋಗಿ. ಅದು ಸಿಬ್ಬವೂ ಇರಬಹುದು, ಕುಷ್ಠವೂ ಇರಬಹುದು. ಫೋಟೊದಲ್ಲಿ ಎರಡೂ ಒಂದೇ ಥರ ಕಾಣಬಹುದು.

ಇಲ್ಲಿ ಮುಖ್ಯ ಸುಳಿವು ಸ್ಪರ್ಶ. ವೈದ್ಯರು ಅಪ್ಪನಿಗೆ ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯಿಂದ ಮಚ್ಚೆಯನ್ನೂ ಪಕ್ಕದ ಚರ್ಮವನ್ನೂ ಮುಟ್ಟಿ, ಮುಟ್ಟಿದ ಜಾಗ ತೋರಿಸಲು ಹೇಳುತ್ತಾರೆ. ಮಚ್ಚೆಯ ಮೇಲೆ ಮಾತ್ರ ಗೊತ್ತಾಗದಿದ್ದರೆ ಕುಷ್ಠದ ಅನುಮಾನ ಬಲವಾಗುತ್ತದೆ. ಆಮೇಲೆ ಮೊಣಕೈ ಒಳಬದಿಯ ಮೂಳೆಯ ಹಿಂದೆ ಬೆರಳಾಡಿಸಿ, ಅಲ್ಲಿ ಹಾಯುವ ನರ ದಪ್ಪಗಾಗಿದೆಯಾ, ಒತ್ತಿದರೆ ನೋಯುತ್ತದಾ ಎಂದು ನೋಡುತ್ತಾರೆ. ಸಿಬ್ಬವಾದರೆ ಸ್ಪರ್ಶ ಸರಿಯಾಗಿರುತ್ತದೆ, ಮೆಲ್ಲಗೆ ಕೆರೆದರೆ ತೆಳು ಹೊಟ್ಟು ಏಳುತ್ತದೆ. ಇದ್ಯಾವುದೂ ಫೋಟೊದಲ್ಲಿ ಬರುವುದಿಲ್ಲ. ಫೋನು ತಾನೇ ಬೆಳಕು ಹೆಚ್ಚಿಸಿದರೆ ಮಾಸಲು ಅಂಚೂ ಅಳಿಸಿಹೋಗುತ್ತದೆ.

ಬೆನ್ನು, ಪೃಷ್ಠದ ಮೇಲೆ ಅಪ್ಪನಿಗೇ ಕಾಣದ ಮಚ್ಚೆಗಳಿರಬಹುದು. ಕುಷ್ಠವೇ ಆದರೆ ಆ ಎಣಿಕೆ ಮುಖ್ಯ: ಸಾಮಾನ್ಯವಾಗಿ 5ರವರೆಗೆ ಇದ್ದರೆ 6 ತಿಂಗಳು, ಹೆಚ್ಚಿದ್ದರೆ 12 ತಿಂಗಳು ಮಾತ್ರೆ. ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ.

ಆರಂಭದಲ್ಲಿ ಸ್ಪರ್ಶ ಉಳಿದಿರುವುದೂ ಉಂಟು. ಅನುಮಾನ ತೀರದಿದ್ದರೆ ಚರ್ಮದ ಚೂರು ತೆಗೆದು ಪರೀಕ್ಷಿಸುತ್ತಾರೆ. ಅಲ್ಲಿಯವರೆಗೆ ಅಂಗಡಿಯ ಮುಲಾಮು ಹಚ್ಚಬೇಡಿ. ಮಚ್ಚೆಯ ರೂಪ ಬದಲಾಗಿಬಿಡುತ್ತದೆ.