ಮಾಸ್ಕೋದಲ್ಲಿ ಯಾರೂ ತಿರುಗಿ ನಗುವುದಿಲ್ಲ ಏಕೆ?

"ಓದೋಕೆ ಮಾಸ್ಕೋಗೆ ಬಂದಿದ್ದೇನೆ. ಅಂಗಡಿಯಲ್ಲಿ ನಗುನಗುತ್ತಾ ಮಾತಾಡಿಸಿದರೂ ಮುಖ ಬಿಗಿದುಕೊಂಡೇ ಇರುತ್ತಾರೆ. ನಮ್ಮನ್ನು ಕಂಡರೆ ಆಗಲ್ವಾ?"

ಹಾಗೇನಿಲ್ಲ, ಬೇಜಾರು ಮಾಡ್ಕೋಬೇಡಿ. ರಷ್ಯಾದಲ್ಲಿ ನಗು ಹೆಚ್ಚಾಗಿ ಪರಿಚಯದವರಿಗೆ ಮೀಸಲು. ಕೌಂಟರಿನಲ್ಲಿ ಕೂತವರು ಕೆಲಸದಲ್ಲಿದ್ದಾರೆ, ಅಲ್ಲಿ ಗಂಭೀರ ಮುಖವೇ ಮರ್ಯಾದೆ. ಗುರುತಿಲ್ಲದವರು ಸುಮ್ನೆ ನಕ್ಕರೆ 'ಇವರಿಗೇನು ಬೇಕಪ್ಪಾ?' ಅನ್ನೋ ಅನುಮಾನ ಬರುತ್ತದೆ. ಕಾರಣವಿಲ್ಲದ ನಗು ದಡ್ಡತನದ ಗುರುತು ಅಂತ ಅಲ್ಲಿ ಗಾದೆಯೇ ಇದೆ. 2018ರ ಫುಟ್‌ಬಾಲ್ ವಿಶ್ವಕಪ್‌ಗೆ ಮುಂಚೆ ರೈಲ್ವೆ ಸಿಬ್ಬಂದಿಗೆ ವಿದೇಶಿಯರೊಂದಿಗೆ ನಗುತ್ತಾ ಮಾತಾಡುವ ತರಬೇತಿ ಕೊಡಬೇಕಾಯಿತು, ನೋಡಿ!

ಅಂಗಡಿಯಲ್ಲಿ ಮುಖ ನೋಡಿ, ನಮಸ್ಕಾರ ಅನ್ನೋದಕ್ಕೆ 'ಜ್ದ್ರಾಸ್ತ್‌ವುಯ್ತೆ' ಅನ್ನಿ, ಬೇಕಾದ್ದು ಕೇಳಿ, ಧನ್ಯವಾದಕ್ಕೆ 'ಸ್ಪಸೀಬ' ಹೇಳಿ. ಅಷ್ಟು ಸಾಕು. ಸಹಪಾಠಿಗಳು ಮನೆಗೆ ಕರೆದರೆ ಮಾತ್ರ ತಪ್ಪದೆ ಹೋಗಿ. ಅಡುಗೆಮನೆಯ ಮೇಜಿನ ಸುತ್ತ ಅವರೂ ಮನಸ್ಸು ಬಿಚ್ಚಿ ನಗುತ್ತಾರೆ.