ಮಾತ್ರೆಯ ಸ್ಟ್ರಿಪ್ ಮೇಲಿನ ಐಪಿ, ಬಿಪಿ

“ಸಂಪಾದಕರೇ, ಜನೌಷಧಿ ಅಂಗಡಿಯಿಂದ ತಂದ ಜ್ವರದ ಮಾತ್ರೆ ಮೇಲೆ ‘ಪ್ಯಾರಸಿಟಮಾಲ್ ಟ್ಯಾಬ್ಲೆಟ್ಸ್ ಐಪಿ’ ಎಂದಿದೆ. ಅಪ್ಪನ ಇನ್ನೊಂದು ಔಷಧಿ ಮೇಲೆ ‘ಬಿಪಿ’ ಎಂದಿದೆ, ಆದರೆ ಅವರಿಗೆ ಬಿಪಿ ಕಾಯಿಲೆ ಇಲ್ಲ. ಪಕ್ಕದ ಮನೆಯವರು ‘ಅದು ಬ್ರಿಟನ್ ಕ್ವಾಲಿಟಿ, ಅದೇ ಒಳ್ಳೇದು’ ಅಂತಾರೆ. ನೆಗಡಿ ಮಾತ್ರೆಯ ಹೆಸರಿನ ಮುಂದೆ ಏನೂ ಇಲ್ಲ, ಕೆಳಗೆ ಸಣ್ಣಕ್ಷರದಲ್ಲಿ ಮಾತ್ರ ಐಪಿ ಇದೆ. ಯಾವುದನ್ನು ನಂಬೋದು?”
— ಓದುಗರೊಬ್ಬರು, ಶಿರಸಿ

ಅಪ್ಪನ ವಿಷಯದಲ್ಲಿ ಗಾಬರಿ ಬೇಡ. ಆ ಬಿಪಿಗೂ ರಕ್ತದೊತ್ತಡಕ್ಕೂ ಸಂಬಂಧ ಇಲ್ಲ. ಅದು ಬ್ರಿಟಿಷ್ ಫಾರ್ಮಕೋಪಿಯಾ, ಐಪಿ ಅಂದರೆ ಇಂಡಿಯನ್ ಫಾರ್ಮಕೋಪಿಯಾ. ಎರಡೂ ಪುಸ್ತಕಗಳು. ಒಂದೊಂದು ಔಷಧಿಗೂ ಅದರಲ್ಲಿ ಒಂದೊಂದು ಅಧ್ಯಾಯ ಇರುತ್ತದೆ, ಅದನ್ನು ಮಾನೋಗ್ರಾಫ್ ಎನ್ನುತ್ತಾರೆ. ಈ ಔಷಧಿ ಹೌದೋ ಅಲ್ಲವೋ ಎಂದು ಗುರುತಿಸುವುದು ಹೇಗೆ, ಎಷ್ಟು ಶುದ್ಧವಾಗಿರಬೇಕು, ಯಾವ ಕಲ್ಮಶ ಎಷ್ಟರವರೆಗೆ ಇದ್ದರೆ ನಡೆಯುತ್ತದೆ, ಯಾವ ಪರೀಕ್ಷೆ ಮಾಡಬೇಕು ಎಂಬುದೆಲ್ಲ ಅಲ್ಲಿರುತ್ತದೆ. ಬ್ರಿಟಿಷರದ್ದು 1864ರಲ್ಲಿ ಮೊದಲು ಬಂತು. ನಮ್ಮದು 1955ರಲ್ಲಿ. ಈಗ ನಮ್ಮದನ್ನು ಗಾಜಿಯಾಬಾದಿನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ಹೊರತರುತ್ತದೆ.

ಇನ್ನು ಪಕ್ಕದ ಮನೆಯವರ ಮಾತು. ನಮ್ಮ ದೇಶದಲ್ಲಿ ಮಾರುವ ಔಷಧಿಗೆ ಐಪಿ ಬೇಕೋ ಬಿಪಿ ಬೇಕೋ ಎಂದು ಕಂಪನಿ ತನ್ನ ಇಷ್ಟದಂತೆ ಆರಿಸಿಕೊಳ್ಳುವ ಹಾಗಿಲ್ಲ. 1940ರ ಔಷಧಿ ಮತ್ತು ಸೌಂದರ್ಯವರ್ಧಕಗಳ ಕಾಯ್ದೆಯ ಎರಡನೇ ಷೆಡ್ಯೂಲ್ ಇದನ್ನು ಮೊದಲೇ ತೀರ್ಮಾನ ಮಾಡಿಬಿಟ್ಟಿದೆ. ಆ ಔಷಧಿ ಇಂಡಿಯನ್ ಫಾರ್ಮಕೋಪಿಯಾದಲ್ಲಿ ಇದ್ದರೆ ಅದರ ಮಟ್ಟವೇ ಅನ್ವಯ. ಅಲ್ಲಿ ಇಲ್ಲದಿದ್ದರೆ ಮಾತ್ರ ಬೇರೆ ದೇಶದ ಅಧಿಕೃತ ಪುಸ್ತಕದ ಕಡೆ ನೋಡಬೇಕು. ಹಾಗಾಗಿ ಇಲ್ಲಿನ ಸ್ಟ್ರಿಪ್ ಮೇಲೆ ಬಿಪಿ ಕಂಡರೆ ಸಾಮಾನ್ಯವಾಗಿ ಅದರ ಅರ್ಥ ಇಷ್ಟೇ: ಆ ಔಷಧಿಗೆ ನಮ್ಮ ಪುಸ್ತಕದಲ್ಲಿ ಇನ್ನೂ ಅಧ್ಯಾಯ ಬಂದಿಲ್ಲ. ಬ್ರಿಟನ್ನಿನಿಂದ ಯಾರೂ ಬಂದು ಪರೀಕ್ಷೆ ಮಾಡಿಲ್ಲ, ಮುದ್ರೆ ಒತ್ತಿಲ್ಲ. ಮಾತ್ರೆ ಮಾಡಿದ್ದು ಹಿಮಾಚಲದ ಬದ್ದಿಯಲ್ಲೇ ಇರಬಹುದು.

ಪ್ಯಾರಸಿಟಮಾಲ್ ಮಾತ್ರೆಯನ್ನೇ ಹೋಲಿಸಿ ನೋಡೋಣ. ಐಪಿ ಪ್ರಕಾರ ಮಾತ್ರೆಯಲ್ಲಿ ಲೇಬಲ್ ಹೇಳಿದ ಪ್ರಮಾಣದ ಶೇ. 95ರಿಂದ 105ರಷ್ಟು ಔಷಧಿ ಇರಬೇಕು. ಅಂದರೆ 650 ಮಿಲಿಗ್ರಾಂ ಮಾತ್ರೆಗಳಲ್ಲಿ ಸರಾಸರಿ 617.5ರಿಂದ 682.5 ಮಿಲಿಗ್ರಾಂ. ಬಿಪಿಯಲ್ಲೂ ಅದೇ 95ರಿಂದ 105. ಅಮೆರಿಕದ ಪುಸ್ತಕ, ಅಂದರೆ ಯುಎಸ್‌ಪಿ, ಇದೇ ಮಾತ್ರೆಗೆ ಶೇ. 90ರಿಂದ 110ರವರೆಗೂ ಬಿಟ್ಟಿದೆ. ಅಮೆರಿಕದವರು ಸಡಿಲ, ನಾವು ಬಿಗಿ ಅಂತ ಬೀಗಬೇಕಾಗಿಲ್ಲ. ಒಂದೊಂದು ಪುಸ್ತಕ ಒಂದೊಂದು ಪರೀಕ್ಷೆಯಲ್ಲಿ ಬಿಗಿಯಾಗಿರುತ್ತದೆ. ಆದರೆ ‘ವಿದೇಶಿ ಅಕ್ಷರ ಇದ್ದರೆ ಮೇಲ್ದರ್ಜೆ’ ಎಂಬ ಮಾತು ನಿಲ್ಲುವುದಿಲ್ಲ ಅಂತ ಹೇಳಲು ಇಷ್ಟು ಸಾಕು.

ಔಷಧಿಯ ಪ್ರಮಾಣ ಒಂದೇ ಸರಿಯಾಗಿದ್ದರೆ ಆಗಲಿಲ್ಲ. 20 ಮಾತ್ರೆ ತೂಗುತ್ತಾರೆ. ಇಷ್ಟು ದೊಡ್ಡ ಮಾತ್ರೆಯಾದರೆ ಎರಡಕ್ಕಿಂತ ಹೆಚ್ಚು ಮಾತ್ರೆಗಳ ತೂಕ ಸರಾಸರಿಗಿಂತ ಶೇ. 5ಕ್ಕಿಂತ ಜಾಸ್ತಿ ಆಚೀಚೆ ಆಗಬಾರದು, ಒಂದೂ ಶೇ. 10 ದಾಟಬಾರದು. ಮತ್ತೆ ಕರಗುವ ಪರೀಕ್ಷೆ ಇದೆ. ದೇಹದ ಬಿಸಿಯಷ್ಟೇ, ಅಂದರೆ 37 ಡಿಗ್ರಿ ಇರುವ ದ್ರಾವಣದಲ್ಲಿ ಮಾತ್ರೆ ಹಾಕಿ, ಪುಟ್ಟ ಹುಟ್ಟಿನಂಥ ಕಡ್ಡಿಯಿಂದ ನಿಧಾನವಾಗಿ ತಿರುಗಿಸುತ್ತಾರೆ. ಗೊತ್ತುಮಾಡಿದ ಹೊತ್ತಿನೊಳಗೆ ಔಷಧಿಯ ಬಹುಪಾಲು ನೀರಿಗೆ ಇಳಿದಿರಬೇಕು. ಪೂರ್ತಿ 650 ಮಿಲಿಗ್ರಾಂ ಇದ್ದೂ ಕರಗದೆ ಹೊಟ್ಟೆಯಿಂದ ಹಾಗೇ ಹೊರಗೆ ಹೋಗುವ ಮಾತ್ರೆಯಿಂದ ಜ್ವರ ಇಳಿಯುತ್ತದಾ? ಸರ್ಕಾರಿ ಲ್ಯಾಬ್‌ಗಳು ‘ಗುಣಮಟ್ಟ ಇಲ್ಲ’ ಎಂದು ಬರೆಯುವ ಮಾತ್ರೆಗಳಲ್ಲಿ ಎಷ್ಟೋ ಸಿಕ್ಕಿಬೀಳುವುದು ಈ ಕರಗುವ ಪರೀಕ್ಷೆಯಲ್ಲೇ. ಹಾಗಾಗಿ ಗುಣಮಟ್ಟದಲ್ಲಿ ಫೇಲಾದ ಔಷಧಿಗಳ ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಅದು ನಕಲಿ ಔಷಧಿ ಅಂತ ಅಲ್ಲ. ಪತ್ರಿಕೆಗಳು ಎರಡನ್ನೂ ಒಂದೇ ಹೆಡ್ಡಿಂಗಿಗೆ ಸೇರಿಸಿಬಿಡುತ್ತವೆ, ಅದು ನಮ್ಮ ಕಸುಬಿನವರ ಹಳೇ ಚಾಳಿ.

ಈಗ ನಿಮ್ಮ ನೆಗಡಿ ಮಾತ್ರೆಗೆ ಬರೋಣ. ನಿಮ್ಮ ಪತ್ರದಲ್ಲಿ ಒಳ್ಳೆಯ ಪ್ರಶ್ನೆ ಅದೇ. ಎರಡೂ ಸ್ಟ್ರಿಪ್ಪನ್ನು ಅಕ್ಕಪಕ್ಕ ಇಟ್ಟು ಓದಿ. ಜ್ವರದ ಮಾತ್ರೆಯಲ್ಲಿ ಐಪಿ ಎರಡು ಕಡೆ ಇರುತ್ತದೆ. ಮೇಲೆ ‘ಪ್ಯಾರಸಿಟಮಾಲ್ ಟ್ಯಾಬ್ಲೆಟ್ಸ್ ಐಪಿ’. ಅದರ ಕೆಳಗೆ, ಪ್ರತಿ ಮಾತ್ರೆಯಲ್ಲಿ ಇರುವುದು ಎಂಬ ಸಾಲಿನಲ್ಲಿ, ‘ಪ್ಯಾರಸಿಟಮಾಲ್ ಐಪಿ 650 ಮಿಲಿಗ್ರಾಂ’. ಮೇಲಿನ ಐಪಿ ಸಿದ್ಧ ಮಾತ್ರೆಯ ಬಗ್ಗೆ ಹೇಳುತ್ತದೆ. ಕೆಳಗಿನದು ಅದಕ್ಕೆ ಹಾಕಿದ ಪುಡಿಯ ಬಗ್ಗೆ ಮಾತ್ರ. ಪುಡಿಗೇ ಬೇರೆ ಅಧ್ಯಾಯ ಇದೆ: ಒಣ ಲೆಕ್ಕದಲ್ಲಿ ಶೇ. 99ರಿಂದ 101ರಷ್ಟು ಪ್ಯಾರಸಿಟಮಾಲ್ ಇರಬೇಕು. ಒಳ್ಳೆ ಅಕ್ಕಿ ತಂದರೂ ಅನ್ನ ಮುದ್ದೆಯಾಗಬಹುದು, ಅಲ್ವಾ? ಹಾಗೆಯೇ ಪುಡಿ ಐಪಿ ಆದ ಮಾತ್ರಕ್ಕೆ ಮಾತ್ರೆ ಐಪಿ ಆಗುವುದಿಲ್ಲ.

ನೆಗಡಿ ಮಾತ್ರೆಯಲ್ಲಿ ಪ್ಯಾರಸಿಟಮಾಲ್ ಜೊತೆ ಫಿನೈಲ್‌ಎಫ್ರಿನ್, ಕ್ಲೋರ್‌ಫೆನಿರಮಿನ್ ಹೀಗೆ ಎರಡು ಮೂರು ಔಷಧಿ ಬೆರೆಸಿರುತ್ತಾರೆ. ಇಂಥ ಎಷ್ಟೋ ಬೆರಕೆಗಳಿಗೆ ಪುಸ್ತಕದಲ್ಲಿ ಅಧ್ಯಾಯವೇ ಇಲ್ಲ. ಹಾಗಿದ್ದಾಗ ಸಿದ್ಧ ಮಾತ್ರೆಯ ಮುಂದೆ ಐಪಿ ಹಾಕುವಂತಿಲ್ಲ. ಒಳಗಿನ ಒಂದೊಂದು ಔಷಧಿಯ ಮುಂದೆ ಮಾತ್ರ ಹಾಕುತ್ತಾರೆ. ಕಾನೂನಿನ ಭಾಷೆಯಲ್ಲಿ ಇವು ‘ಪೇಟೆಂಟ್ ಅಥವಾ ಪ್ರೊಪ್ರೈಟರಿ’ ಔಷಧಿಗಳು. ಪೇಟೆಂಟ್ ಎಂಬ ಪದ ನೋಡಿ ಏನೋ ಹೊಸ ಸಂಶೋಧನೆ ಅಂದುಕೊಳ್ಳಬೇಡಿ, ಹಾಗೇನೂ ಇಲ್ಲ.

ಹಾಗಂತ ಇವಕ್ಕೆ ಲಂಗುಲಗಾಮು ಇಲ್ಲ ಅಂತಲೂ ಅಲ್ಲ. ಮಾತ್ರೆ ಎಂಬ ರೂಪಕ್ಕೆ ಐಪಿಯಲ್ಲಿ ಇರುವ ಸಾಮಾನ್ಯ ನಿಯಮಗಳನ್ನು ಇವೂ ಪಾಲಿಸಬೇಕು. ಔಷಧಿಯ ಪ್ರಮಾಣ ಶೇ. 90ರಿಂದ 110ರ ಒಳಗೆ ಇರಬೇಕು ಎಂದು ನಿಯಮಾವಳಿ ಹೇಳುತ್ತದೆ. ಉಳಿದದ್ದು ಕಂಪನಿಯೇ ಬರೆದು ಲೈಸೆನ್ಸ್ ಕೊಡುವ ಅಧಿಕಾರಿಗೆ ಒಪ್ಪಿಸಿದ ಮಟ್ಟ. ಗಮನಿಸಿ, ಅದೇ ಪುಡಿ, ಅದೇ ಫ್ಯಾಕ್ಟರಿ ಇರಬಹುದು. 500 ಮಿಲಿಗ್ರಾಂ ಪ್ಯಾರಸಿಟಮಾಲನ್ನು ಒಂಟಿಯಾಗಿ ಮಾತ್ರೆ ಮಾಡಿದರೆ ಅದು 475ಕ್ಕಿಂತ ಕಡಿಮೆ ಆಗುವ ಹಾಗಿಲ್ಲ. ನೆಗಡಿ ಮಾತ್ರೆಗೆ ಬೆರೆಸಿದರೆ 450ರವರೆಗೂ ನಡೆಯುತ್ತದೆ. ಜ್ವರದ ವಿಷಯದಲ್ಲಿ ಇಷ್ಟು ವ್ಯತ್ಯಾಸದಿಂದ ಯಾರಿಗೂ ತೊಂದರೆ ಆಗದು. ಆದರೆ ಜಾಹೀರಾತಿನ ಅಬ್ಬರದ ಬೆರಕೆ ಮಾತ್ರೆಗಿಂತ ಜನೌಷಧಿಯ ಸಾದಾ ಮಾತ್ರೆಗೆ ಕಾಗದದ ಮೇಲೆ ಬಿಗಿಯಾದ ಕಟ್ಟುಪಾಡು ಇದೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ.

ಕಾಗದದ ಮೇಲೆ ಅಂದೆ, ಬೇಕೆಂದೇ ಅಂದೆ. ಐಪಿ ಎಂಬುದು ಐಎಸ್‌ಐ ಗುರುತಿನ ಹಾಗೆ ಯಾರೋ ಪರವಾನಗಿ ಕೊಟ್ಟು ಹಾಕಿಸುವ ಗುರುತಲ್ಲ. ‘ಇದು ಆ ಪುಸ್ತಕದ ಪ್ರಕಾರ ಇದೆ’ ಎಂದು ಕಂಪನಿಯೇ ಹೇಳಿಕೊಳ್ಳುವ ಮಾತು. ಹಾಗೆ ಹೇಳಿದ ಮೇಲೆ ಎಕ್ಸ್‌ಪೈರಿ ದಿನದವರೆಗೂ ಅದಕ್ಕೆ ಬದ್ಧವಾಗಿರಬೇಕು. ಫ್ಯಾಕ್ಟರಿಯಿಂದ ಹೊರಟ ದಿನ ಸರಿಯಾಗಿತ್ತು ಅಂದರೆ ಸಾಲದು. ಡ್ರಗ್ಸ್ ಇನ್‌ಸ್ಪೆಕ್ಟರ್ ಅಂಗಡಿಯಿಂದ ಸ್ಯಾಂಪಲ್ ತೆಗೆದು ಸರ್ಕಾರಿ ಲ್ಯಾಬಿಗೆ ಕಳಿಸಿದಾಗ, ಅಲ್ಲಿನ ಅನಲಿಸ್ಟ್ ತೆರೆದು ನೋಡುವುದು ಅದೇ ಪುಸ್ತಕದ ಅದೇ ಅಧ್ಯಾಯವನ್ನು. ಫೇಲಾದರೆ ಕೇಸು. ಆ ಎರಡು ಅಕ್ಷರದ ನಿಜವಾದ ಬೆಲೆ ಇರುವುದು ಅಲ್ಲಿ. ಯಾವ ಅಳತೆಗೋಲಿನಿಂದ ಹಿಡಿಯಬೇಕು ಎಂಬ ಬಗ್ಗೆ ತಕರಾರಿಗೆ ಜಾಗ ಉಳಿಯುವುದಿಲ್ಲ.

ಲೇಬಲ್ಲಿನಲ್ಲಿ ಕಾಣದ ಒಂದು ಮೂಲೆಯೂ ಇದೆ. ಐಪಿ ಎಂದು ಬರೆಯುವುದು ಕೆಲಸ ಮಾಡುವ ಔಷಧಿಯ ಮುಂದೆ. ಸಿರಪ್ಪಿನಲ್ಲಿ ಅದು ಸ್ವಲ್ಪವೇ. ಬಾಟಲಿಯ ಬಹುಪಾಲು ನೀರು, ಸಕ್ಕರೆ, ಔಷಧಿ ಕರಗಲು ಹಾಕುವ ಗ್ಲಿಸರಿನ್ ಅಥವಾ ಪ್ರೊಪಿಲೀನ್ ಗ್ಲೈಕಾಲ್. ಇವುಗಳ ಹೆಸರು ಸಾಮಾನ್ಯವಾಗಿ ನಮ್ಮ ಬಾಟಲಿಗಳ ಮೇಲೆ ಕಾಣುವುದಿಲ್ಲ. ಇವಕ್ಕೂ ಐಪಿಯಲ್ಲಿ ಅಧ್ಯಾಯ ಇದೆ. ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಶೇ. 0.1 ದಾಟಬಾರದು ಎಂದು ಅಲ್ಲಿ ಸ್ಪಷ್ಟವಾಗಿದೆ. ಕಾರ್ಖಾನೆ ಬಳಕೆಯ ಅಗ್ಗದ ಮಾಲು ತಂದು, ಪರೀಕ್ಷೆ ಮಾಡದೆ ಸುರಿದರೆ ಏನಾಗುತ್ತದೆ ಎಂಬುದು 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಕಂಡಿತು. ಮಕ್ಕಳ ಕೆಮ್ಮಿನ ಸಿರಪ್ಪಿನಲ್ಲಿ ತಮಿಳುನಾಡಿನ ಸರ್ಕಾರಿ ಲ್ಯಾಬಿಗೆ ಸಿಕ್ಕ ಡೈಎಥಿಲೀನ್ ಗ್ಲೈಕಾಲ್ ಪ್ರಮಾಣ ಶೇ. 48.6. ಕಿಡ್ನಿ ಕೆಟ್ಟು ಮಕ್ಕಳು ತೀರಿಕೊಂಡರು. ಅದರಲ್ಲೂ ಇದ್ದದ್ದು ನಿಮ್ಮ ನೆಗಡಿ ಮಾತ್ರೆಯ ಜಾತಿಯ ಬೆರಕೆಯೇ. ಡೈಎಥಿಲೀನ್ ಗ್ಲೈಕಾಲ್ ರುಚಿಯಲ್ಲಿ ಸಿಹಿ, ನೋಡಲು ಸಿರಪ್ಪಿನ ಹಾಗೇ ಇರುತ್ತದೆ. ಹೀಗಾಗಿ ಮನೆಯಲ್ಲಿ ಕೂತು ಕಂಡುಹಿಡಿಯಲು ಆಗುವುದಿಲ್ಲ.

ಹಾಗಾದರೆ ನೀವು ಮಾಡಬಹುದಾದ್ದು ಏನು? ಅಕ್ಷರಗಳ ಜೊತೆ ಬ್ಯಾಚ್ ನಂಬರನ್ನೂ ನೋಡುವ ರೂಢಿ ಇಟ್ಟುಕೊಳ್ಳಿ, ಬಿಲ್ಲಿನಲ್ಲಿ ಅದನ್ನು ಬರೆಸಿಕೊಳ್ಳಿ. ಕೇಂದ್ರದ ಔಷಧಿ ನಿಯಂತ್ರಣ ಸಂಸ್ಥೆ, ಅಂದರೆ ಸಿಡಿಎಸ್‌ಸಿಓ, ಗುಣಮಟ್ಟದಲ್ಲಿ ಫೇಲಾದ ಔಷಧಿಗಳ ಪಟ್ಟಿಯನ್ನು ತಿಂಗಳು ತಿಂಗಳು ತನ್ನ ವೆಬ್‌ಸೈಟಿನಲ್ಲಿ ಹಾಕುತ್ತದೆ. ಅಲ್ಲಿ ಫೇಲಾಗುವುದು ಒಂದು ಬ್ಯಾಚು, ಇಡೀ ಬ್ರ್ಯಾಂಡಲ್ಲ. ನಂಬರ್ ಇಲ್ಲದೆ ಆ ಪಟ್ಟಿ ನೋಡಿದರೆ ಸುಮ್ನೆ ಹೆದರಿಕೆ ಅಷ್ಟೇ.

ಮಾತ್ರೆಯ ಬಣ್ಣ ಬದಲಾಗಿದೆ, ಮುಟ್ಟಿದರೆ ಪುಡಿಯಾಗುತ್ತಿದೆ ಎಂದು ಅನುಮಾನ ಬಂದರೆ ನುಂಗಲು ಹೋಗಬೇಡಿ. ಸ್ಟ್ರಿಪ್ ಮತ್ತು ಬಿಲ್ ಎತ್ತಿಟ್ಟುಕೊಂಡು ನಿಮ್ಮ ಜಿಲ್ಲೆಯ ಔಷಧ ನಿಯಂತ್ರಣ ಇಲಾಖೆಗೆ ಹೇಳಿ. ಕಾಯ್ದೆಯ 26ನೇ ಸೆಕ್ಷನ್ ಪ್ರಕಾರ, ತಾನು ಕೊಂಡ ಔಷಧಿಯನ್ನು ಯಾರು ಬೇಕಾದರೂ ನಿಗದಿತ ಶುಲ್ಕ ಕಟ್ಟಿ ಸರ್ಕಾರಿ ಅನಲಿಸ್ಟ್ ಹತ್ತಿರ ಪರೀಕ್ಷೆ ಮಾಡಿಸಿ, ಸಹಿ ಹಾಕಿದ ವರದಿ ಪಡೆಯಬಹುದು. ಒಂದೆರಡು ಮಾತ್ರೆ ಒಯ್ದರೆ ಆಗುವುದಿಲ್ಲ, ತೂಕಕ್ಕೇ 20 ಬೇಕು ಅಂದೆನಲ್ಲ. ಒಡೆಯದ ಸ್ಟ್ರಿಪ್‌ಗಳು, ಎಲ್ಲವೂ ಒಂದೇ ಬ್ಯಾಚಿನವು ಇರಲಿ.