ಮಗುವಿಗೆ ಮೆಲಟೋನಿನ್ ಎಷ್ಟು, ಎಷ್ಟು ಹೊತ್ತಿಗೆ?

"ಮಗಳಿಗೆ 7 ವರ್ಷ. ರಾತ್ರಿ ಹನ್ನೊಂದೂವರೆ ಆದರೂ ನಿದ್ದೆ ಬರಲ್ಲ. ಮೆಲಟೋನಿನ್ ಗಮ್ಮಿ ಕೊಡಿ ಅಂತಾರೆ. ಎಷ್ಟು, ಯಾವಾಗ ಕೊಡಬೇಕು? ಕೊಡಲೇಬಾರದ ಸಂದರ್ಭ ಇದೆಯಾ?"

ನಾನು ಡಾಕ್ಟರ್ ಅಲ್ಲ. ಎಡಿಎಚ್‌ಡಿ ಇರುವ ಹುಡುಗನ ಅಮ್ಮ. ಅವನಿಗೆ 8 ವರ್ಷ ಇದ್ದಾಗ ನಮ್ಮ ಮನೆಯಲ್ಲೂ ದಿನಾ ಇದೇ ಪಾಡು.

ನಾನು ಮೊದಲು ಮಾಡಿದ್ದು ತಪ್ಪು. ಯಾರನ್ನೂ ಕೇಳದೆ ಮೆಡಿಕಲ್ ಸ್ಟೋರಿಂದ 5 ಮಿಲಿಗ್ರಾಂ ಮಾತ್ರೆ ತಂದು, ಹಾಸಿಗೆಗೆ ಹೋಗುವಾಗ ನುಂಗಿಸಿದೆ. ನಿದ್ದೆ ಬಂತು. ಆದರೆ ಬೆಳಗ್ಗೆ ಎಬ್ಬಿಸಿದರೆ ತಲೆನೋವು, ಮಂಪರು, ಸ್ಕೂಲ್ ವ್ಯಾನಿನಲ್ಲೇ ತೂಕಡಿಕೆ. ವಾರದಲ್ಲಿ ಎರಡು ಸಲ ಕೆಟ್ಟ ಕನಸು ಬಿದ್ದು ಅತ್ತ. ಡೋಸ್ ಜಾಸ್ತಿಯಾದರೆ ಹೀಗಾಗುತ್ತದೆ ಅಂತ ಆಮೇಲೆ ಗೊತ್ತಾಯಿತು.

ಮಕ್ಕಳ ಡಾಕ್ಟರ್ ಮೊದಲು ಔಷಧಿ ಬರೆಯಲಿಲ್ಲ. ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬನ್ನಿ ಅಂದರು: ಎಷ್ಟಕ್ಕೆ ಮಲಗಿಸಿದಿರಿ, ನಿಜವಾಗಿ ಎಷ್ಟಕ್ಕೆ ನಿದ್ದೆ ಹತ್ತಿತು, ಎಷ್ಟಕ್ಕೆ ಎದ್ದ. ನಾವು ಒಂಬತ್ತಕ್ಕೇ ಲೈಟ್ ಆರಿಸುತ್ತಿದ್ದೆವು, ಅವನಿಗೆ ನಿದ್ದೆ ಹತ್ತುತ್ತಿದ್ದದ್ದು ಹನ್ನೊಂದರ ಮೇಲೆ. ಎರಡು ಗಂಟೆ ಸುಮ್ನೆ ಜಗಳ! ಭಾನುವಾರ ಹತ್ತರವರೆಗೆ ಮಲಗುತ್ತಿದ್ದ, ಆ ರಾತ್ರಿ ಇನ್ನೂ ತಡ.

ಆಗ ಅವರು ಹೇಳಿದ್ದು ಹೀಗೆ. ಮೆಲಟೋನಿನ್ ನಿದ್ದೆ ಮಾತ್ರೆಯ ಥರ ಮಗುವನ್ನು ಕೆಡವುವುದಿಲ್ಲ. ಕತ್ತಲಾದ ಮೇಲೆ ಮೆದುಳೇ ಅದನ್ನು ಬಿಡುಗಡೆ ಮಾಡಿ 'ರಾತ್ರಿ ಆಯಿತು' ಅಂತ ದೇಹಕ್ಕೆ ತಿಳಿಸುತ್ತದೆ. ಹೊರಗಿಂದ ಕೊಡುವುದೂ ಅದೇ ಸುದ್ದಿಯನ್ನು ಸ್ವಲ್ಪ ಮುಂಚೆ ಮುಟ್ಟಿಸುವುದಕ್ಕೆ. ಅದಕ್ಕೇ ಹೊತ್ತು ಸರಿ ಇದ್ದರೆ ಸಣ್ಣ ಡೋಸ್ ಸಾಕು. ಮಾತ್ರೆ ಕೊಟ್ಟು ಮೊಬೈಲನ್ನೂ ಕೈಗೆ ಕೊಟ್ಟರೆ ಸ್ಕ್ರೀನಿನ ಬೆಳಕು ಆ ಸುದ್ದಿಯನ್ನು ಅಳಿಸಿಹಾಕುತ್ತದೆ.

ನಮಗೆ ಬರೆದುಕೊಟ್ಟದ್ದು 1 ಮಿಲಿಗ್ರಾಂ. ಸಾಮಾನ್ಯವಾಗಿ ಅರ್ಧ ಅಥವಾ 1 ಮಿಲಿಗ್ರಾಂನಿಂದ ಶುರು ಮಾಡಿ, ಒಂದು ವಾರ ನೋಡಿ, ಬೇಕಿದ್ದರೆ ಮಾತ್ರ ಏರಿಸುತ್ತಾರೆ. ಹೆಚ್ಚಿನ ಮಕ್ಕಳಿಗೆ 1ರಿಂದ 3 ಸಾಕಾಗುತ್ತದೆ. ಮಲಗುವುದಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮುಂಚೆ ಕೊಡಬೇಕು. ನಾವು ಮೊದಲ ದಿನವೇ ಒಂಬತ್ತಕ್ಕೆ ಮಲಗಿಸಲಿಲ್ಲ. ಹತ್ತಕ್ಕೆ ಔಷಧಿ, ಹತ್ತೂ ಮುಕ್ಕಾಲಿಗೆ ಹಾಸಿಗೆ. ಬೇಗ ನಿದ್ದೆ ಹತ್ತತೊಡಗಿದ ಮೇಲೆ ಮೂರು ನಾಲ್ಕು ದಿನಕ್ಕೊಮ್ಮೆ ಎರಡನ್ನೂ ಕಾಲು ಗಂಟೆ ಹಿಂದಕ್ಕೆ ತಂದೆವು. ಭಾನುವಾರವೂ ಏಳಕ್ಕೆ ಎಬ್ಬಿಸಿದೆವು, ಅವನ ಅಜ್ಜಿ ಬೈದರೂ. ನಾಲ್ಕನೇ ವಾರಕ್ಕೆ ಒಂಬತ್ತೂವರೆಗೆ ಮಲಗುವಂತಾದ. ಮೂರು ತಿಂಗಳಾದ ಮೇಲೆ ಡಾಕ್ಟರ್ ಹೇಳಿದ ಹಾಗೆ ನಿಲ್ಲಿಸಿ ನೋಡಿದೆವು. ಹೊತ್ತಿನ ಶಿಸ್ತು ಬಿಡದಿದ್ದರೆ ಔಷಧಿ ಇಲ್ಲದೆಯೂ ನಡೆಯಿತು. ಆದರೆ ಮಗು ನಡುರಾತ್ರಿ ಎದ್ದರೆ ಇನ್ನೊಂದು ಮಾತ್ರೆ ಕೊಡಲೇಬೇಡಿ, ಬೆಳಗ್ಗೆಯವರೆಗೂ ಅದರ ಮಂಪರು ಉಳಿಯುತ್ತದೆ.

ಗಮ್ಮಿ ಬಗ್ಗೆ ನನಗೆ ನಂಬಿಕೆ ಇಲ್ಲ. 2023ರಲ್ಲಿ ಅಮೆರಿಕದಲ್ಲಿ 25 ಬಗೆಯ ಮೆಲಟೋನಿನ್ ಗಮ್ಮಿ ಪರೀಕ್ಷಿಸಿದಾಗ 22ರಲ್ಲಿ ಲೇಬಲ್ಲಿಗೂ ಒಳಗಿನ ಪ್ರಮಾಣಕ್ಕೂ ತಾಳೆ ಇರಲಿಲ್ಲ. ಒಂದರಲ್ಲಿ ಬರೆದದ್ದರ ಸುಮಾರು ಮೂರೂವರೆ ಪಟ್ಟು ಇತ್ತು, ಇನ್ನೊಂದರಲ್ಲಿ ಮೆಲಟೋನಿನ್ನೇ ಇರಲಿಲ್ಲ. ಅಲ್ಲದೆ ಅದು ಚಾಕಲೇಟ್ ಥರ ರುಚಿ, ಮಗು ಡಬ್ಬ ತೆಗೆದು ತಿಂದುಬಿಡಬಹುದು. ಯಾವ ರೂಪದಲ್ಲಿದ್ದರೂ ಬೀಗ ಹಾಕಿಡಿ.

ಇನ್ನು ಕೊಡಬಾರದ್ದು. 3 ವರ್ಷದೊಳಗಿನ ಮಗುವಿಗೆ ನೀವಾಗಿ ಕೊಡಲೇಬೇಡಿ. ಫಿಟ್ಸ್ ಇದ್ದರೆ, ರಕ್ತ ತೆಳುವಾಗಿಸುವ ಔಷಧಿ ಅಥವಾ ಖಿನ್ನತೆ, ಒಸಿಡಿಯಂಥ ಮಾನಸಿಕ ತೊಂದರೆಗೆ ಕೊಡುವ ಫ್ಲುವೋಕ್ಸಮೈನ್ ನಡೆಯುತ್ತಿದ್ದರೆ, ದೇಹದ ರೋಗನಿರೋಧಕ ಶಕ್ತಿ ತನ್ನ ದೇಹದ ಮೇಲೇ ತಿರುಗಿಬೀಳುವ ಲೂಪಸ್‌ನಂಥ ಆಟೋಇಮ್ಯೂನ್ ಕಾಯಿಲೆ ಇದ್ದರೆ, ಡಾಕ್ಟರನ್ನು ಕೇಳದೆ ಬೇಡ. ಫ್ಲುವೋಕ್ಸಮೈನ್ ಜೊತೆ ಸೇರಿದರೆ ರಕ್ತದಲ್ಲಿ ಮೆಲಟೋನಿನ್ ಪ್ರಮಾಣ ತುಂಬಾ ಏರುತ್ತದೆ.

ನಿದ್ದೆ ಕೆಡಲು ಬೇರೆ ಕಾರಣ ಇದ್ದಾಗಲೂ ಇದು ಪರಿಹಾರವಲ್ಲ. ಮಗಳು ದಿನಾ ಗೊರಕೆ ಹೊಡೆಯುತ್ತಾಳಾ, ಬಾಯಿ ತೆರೆದು ಮಲಗುತ್ತಾಳಾ, ನಡುವೆ ಉಸಿರು ಕಟ್ಟಿದಂತೆ ಆಗುತ್ತಾ ನೋಡಿ. ಹಾಗಿದ್ದರೆ ಮೂಗಿನ ಹಿಂಭಾಗದಲ್ಲಿರುವ ಅಡಿನಾಯ್ಡ್, ಗಂಟಲಿನ ಟಾನ್ಸಿಲ್ ನೋಡಿಸಬೇಕು. ಕಾಲಲ್ಲಿ ಏನೋ ಹರಿದಾಡಿದ ಹಾಗೆ ಆಗುತ್ತೆ ಅಂತ ಒದ್ದಾಡುತ್ತಿದ್ದರೆ ದೇಹದಲ್ಲಿ ಕಬ್ಬಿಣದ ಸಂಗ್ರಹ ಎಷ್ಟಿದೆ ಅಂತ ತೋರಿಸುವ ಫೆರಿಟಿನ್ ರಕ್ತ ಪರೀಕ್ಷೆ ಮಾಡಿಸಿ. ಕಬ್ಬಿಣ ಕಡಿಮೆ ಇದ್ದರೂ ಹಾಗಾಗುತ್ತದೆ. ಮಲಗಿದ ಕೂಡಲೇ ನಿದ್ದೆ ಬಂದು ರಾತ್ರಿ ಎರಡು ಗಂಟೆಗೆ ಎಚ್ಚರವಾಗುವ ಮಗುವಿಗೆ ಬೇಗ ಕರಗುವ ಸಾಧಾರಣ ಮೆಲಟೋನಿನ್ ಹೆಚ್ಚು ಉಪಯೋಗವಿಲ್ಲ. ಸಂಜೆ ಟೀ, ಕಾಫಿ ಕುಡಿಯುವ ಅಭ್ಯಾಸ ಇದ್ದರೆ ಅದನ್ನು ಮೊದಲು ಬಿಡಿಸಿ. ನಮ್ಮ ಮನೆಯಲ್ಲಿ ಅದೂ ಇತ್ತು, ಅಜ್ಜಿಯ ಲೋಟದಿಂದ!

ಇವತ್ತಿಂದಲೇ ಆ ನೋಟ್‌ಬುಕ್ ಶುರು ಮಾಡಿ. ಡಾಕ್ಟರ್ ಹತ್ತಿರ ಹೋಗುವಾಗ ಅದನ್ನೂ ತೆಗೆದುಕೊಂಡು ಹೋಗಿ.